ಪ್ರೊನೋಟು ಬೇರೆಯವರ ಕೈಗೆ ಹೋಗಿದೆ, ಚೆಕ್ಕೂ ಬೌನ್ಸ್ ಆಗಿದೆ. ಮೂರನೆಯವರಿಗೆ ಪೂರ್ತಿ ಹಣ ಕೊಡಬೇಕಾ?

ತಿಪಟೂರು ಸುಮಾ

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರದು ಕೊಬ್ಬರಿ ವ್ಯಾಪಾರ. 2023ರ ಜೂನ್ 10ರಂದು ಪರಿಚಯದವರೊಬ್ಬರ ಹತ್ತಿರ 3 ಲಕ್ಷ ಕೈಸಾಲ ತೆಗೆದುಕೊಂಡರು. ಅಚ್ಚಿನ ಪ್ರೊನೋಟಿಗೆ ಸಹಿ ಹಾಕಿ ಕೊಟ್ಟರು, ತಿಂಗಳಿಗೆ ನೂರಕ್ಕೆ ಒಂದೂವರೆ ಬಡ್ಡಿ. ಭದ್ರತೆಗೆ ಅಂತ ಒಂದು ಚೆಕ್ಕನ್ನೂ ಕೊಟ್ಟಿದ್ದರು. ಅದರಲ್ಲಿ ಸಹಿ ಬಿಟ್ಟರೆ ಹೆಸರು, ತಾರೀಖು, ಮೊತ್ತ ಏನೂ ಬರೆದಿರಲಿಲ್ಲ.

2024ರ ಮಾರ್ಚ್‌ನಲ್ಲಿ 2 ಲಕ್ಷವನ್ನು ಬ್ಯಾಂಕಿನಿಂದಲೇ ಅವರ ಖಾತೆಗೆ ವಾಪಸ್ ಕಳಿಸಿದ್ದಾರೆ. ಅಲ್ಲಿಯವರೆಗಿನ ಬಡ್ಡಿಯೂ ಚುಕ್ತಾ. ಉಳಿದದ್ದು 1 ಲಕ್ಷ.

ಈಗ ನಮಗೆ ಗುರುತೇ ಇಲ್ಲದ ಇನ್ನೊಬ್ಬರಿಂದ ಎರಡು ವಕೀಲರ ನೋಟಿಸು ಬಂದಿವೆ. ಒಂದರಲ್ಲಿ, ಪ್ರೊನೋಟನ್ನು ಆಗಸ್ಟ್‌ನಲ್ಲಿ ತಮ್ಮ ಹೆಸರಿಗೆ ಹಿಂಬರಹ ಮಾಡಿಸಿಕೊಂಡಿದ್ದೇವೆ, ಪೂರ್ತಿ 3 ಲಕ್ಷ ಮತ್ತು ಬಡ್ಡಿ ಕೊಡಿ ಅಂತಿದೆ. ಇನ್ನೊಂದರಲ್ಲಿ, 3 ಲಕ್ಷದ ಚೆಕ್ ಹಾಕಿದ್ದೆವು, ಹಣವಿಲ್ಲ ಅಂತ ವಾಪಸ್ ಬಂದಿದೆ, 15 ದಿನದಲ್ಲಿ ಕೊಡದಿದ್ದರೆ ಕ್ರಿಮಿನಲ್ ಕೇಸು ಅಂತಿದೆ. ಅವರು ‘ಹೋಲ್ಡರ್ ಇನ್ ಡ್ಯೂ ಕೋರ್ಸ್’, ನೀವು ಮೊದಲಿನವರಿಗೆ ಕೊಟ್ಟ ಲೆಕ್ಕ ನಮಗೆ ಸಂಬಂಧವಿಲ್ಲ ಅಂತ ಅವರ ವಕೀಲರು ಫೋನಿನಲ್ಲೂ ಹೇಳಿದರು. ಇದು ನಿಜವಾ? ಮಾವನಿಗೆ ರಾತ್ರಿ ನಿದ್ದೆ ಇಲ್ಲ.

ಗಾಂಧಿಬಜಾರ್

ತಂಗಿ, ಗಾಬರಿ ಬೇಡ. ಭದ್ರತೆಗೆ ಕೊಟ್ಟ ಖಾಲಿ ಚೆಕ್ಕಿನ ಮೇಲೆ ಕೇಸೇ ನಿಲ್ಲೋದಿಲ್ಲ. ಬರವಣಿಗೆ ಮಾವನದ್ದಲ್ಲ ಅಂತ ತೋರಿಸಿದರೆ ಸಾಕು, ಮುಗೀತು.

ವಕೀಲೆ, ಹಾಸನ

ಗಾಂಧಿಬಜಾರ್ ಅವರೇ, ಅಷ್ಟು ಸುಲಭ ಇಲ್ಲ. ಬೀರ್ ಸಿಂಗ್ ವಿರುದ್ಧ ಮುಕೇಶ್ ಕುಮಾರ್ ಪ್ರಕರಣದಲ್ಲಿ 2019ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಒತ್ತಾಯವಿಲ್ಲದೆ ಸಹಿ ಮಾಡಿ ಖಾಲಿ ಚೆಕ್ ಕೊಟ್ಟರೆ, ಉಳಿದದ್ದನ್ನು ಬೇರೆಯವರು ತುಂಬಿದರೂ ಅದು ಸಾಲಕ್ಕೆ ಕೊಟ್ಟದ್ದೇ ಅಂತ ಕೋರ್ಟ್ ಮೊದಲು ಊಹಿಸುತ್ತದೆ. ಆ ಊಹೆಯನ್ನು ಒಡೆಯುವ ಹೊಣೆ ಸಹಿ ಹಾಕಿದವರದ್ದು. ಬರಹ ಯಾರದ್ದು ಅನ್ನುವುದೊಂದರಿಂದಲೇ ಕೇಸು ಬೀಳುವುದಿಲ್ಲ.

ಸುಮಾ ಅವರೇ, ಉತ್ತರ ಕೊಡುವ ಮೊದಲು ಕೆಲವು ವಿಷಯ ಬೇಕು. ಪ್ರೊನೋಟಿನ ನಕಲು ನೋಟಿಸಿನ ಜೊತೆ ಬಂದಿದೆಯಾ? ಇದ್ದರೆ ಅದರ ಹಿಂಭಾಗ ನೋಡಿ, ಏನು ಬರೆದಿದೆ? ರೆವೆನ್ಯೂ ಸ್ಟಾಂಪಿನ ಮೇಲೆ ಸಹಿ ಅಡ್ಡ ಹಾದುಹೋಗಿದೆಯಾ? ಚೆಕ್ಕಿನ ನೋಟಿಸಿನಲ್ಲಿ ಸಾಲ ಯಾರಿಂದ ಪಡೆದಿರಿ ಅಂತ ಬರೆದಿದ್ದಾರೆ? ಆ ವಾಕ್ಯವನ್ನು ಹಾಗೇ ಇಲ್ಲಿ ಹಾಕಿ, ಹೆಸರು ಮಾತ್ರ ಬೇಡ.

ಹುಬ್ಬಳ್ಳಿ ಸ್ಪೇರ್ಸ್

ನಮ್ದೂ ಹಿಂಗ ಒಂದು ಆಗಿತ್ರೀ. ಗಿರಾಕಿ ಕೊಟ್ಟ ಬೇರರ್ ಚೆಕ್ಕು ಬಸ್ಸಿನಾಗ ಕಳೀತು. ಬ್ಯಾಂಕಿಗೆ ಹೇಳಿ ಸ್ಟಾಪ್ ಪೇಮೆಂಟ್ ಮಾಡ್ಸಿದ್ವಿ, ಮುಗೀತು. ನೀವೂ ಅದನ್ನ ಮಾಡ್ರಿ.

ತಿಪಟೂರು ಸುಮಾ

ಅಣ್ಣಾ, ನಮ್ಮ ಚೆಕ್ ಕಳೆದಿಲ್ಲ, ಈಗಾಗಲೇ ಬ್ಯಾಂಕಿಗೆ ಹೋಗಿ ವಾಪಸ್ ಬಂದಿದೆ.

ನಿವೃತ್ತ ಬ್ಯಾಂಕರ್

ಹುಬ್ಬಳ್ಳಿಯವರ ಮಾತು ಈ ಪ್ರಶ್ನೆಗೆ ನೇರ ಉತ್ತರ ಅಲ್ಲದಿದ್ದರೂ ಅದರಿಂದಲೇ ವಿಷಯ ತಿಳಿಯುತ್ತದೆ. ನಿಮ್ಮ ಚೆಕ್ಕು ಸಿಕ್ಕವನು ಅದನ್ನು ಒಂದು ಅಂಗಡಿಗೆ ಕೊಟ್ಟು ಟಿವಿ ತಂದಿದ್ದ ಅಂದುಕೊಳ್ಳಿ. ಅಂಗಡಿಯವರಿಗೆ ಅದು ಕಳೆದ ಚೆಕ್ಕು ಅಂತ ಗೊತ್ತಿರಲಿಲ್ಲ, ಅನುಮಾನ ಬರುವಂಥದ್ದೇನೂ ಇರಲಿಲ್ಲ, ಸರಕು ಕೊಟ್ಟೇ ಚೆಕ್ ಪಡೆದರು. ಆಗ ಆ ಅಂಗಡಿಯವರೇ ಹೋಲ್ಡರ್ ಇನ್ ಡ್ಯೂ ಕೋರ್ಸ್. ಚೆಕ್ ತಂದುಕೊಟ್ಟವನಿಗೆ ಇಲ್ಲದ ಹಕ್ಕು ಅವರಿಗೆ ಸಿಗುತ್ತದೆ. ಸ್ಟಾಪ್ ಪೇಮೆಂಟ್ ತಡೆಯುವುದು ಬ್ಯಾಂಕಿನ ಕೈಯನ್ನು. ಚೆಕ್ ಬರೆದವರ ಮೇಲೆ ಅಂಗಡಿಯವರಿಗಿರುವ ಹಕ್ಕನ್ನು ಅದು ತಡೆಯುವುದಿಲ್ಲ.

ಸಾಮಾನ್ಯ ವಸ್ತುವಿನಲ್ಲಿ ಹೀಗಿಲ್ಲ. ಕದ್ದ ಸೈಕಲ್ಲನ್ನು ನೀವು ದುಡ್ಡು ಕೊಟ್ಟು ಕೊಂಡರೂ ಮಾಲೀಕ ಬಂದರೆ ಬಿಟ್ಟುಕೊಡಬೇಕು. ಚೆಕ್ಕು, ಪ್ರೊನೋಟು ಕೈಯಿಂದ ಕೈಗೆ ಓಡಾಡಲಿ ಅಂತಲೇ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ ಈ ವಿನಾಯಿತಿ ಇಟ್ಟಿದೆ.

ಹುಬ್ಬಳ್ಳಿ ಸ್ಪೇರ್ಸ್

ಹಂಗಾದ್ರ ಕಳಕೊಂಡವ್ರ ಗತಿ ಏನ್ರೀ? ಇದು ನ್ಯಾಯ ಏನು?

ನಿವೃತ್ತ ಬ್ಯಾಂಕರ್

ಅದಕ್ಕೇ ಕ್ರಾಸ್ ಮಾಡಿ ಅಂತ ನಾವು ಕೌಂಟರಿನಲ್ಲಿ ಕೂತು ದಿನಾ ಹೇಳುತ್ತಿದ್ದದ್ದು. ಎರಡು ಗೆರೆ ಎಳೆದು ‘ನಾಟ್ ನೆಗೋಷಿಯಬಲ್’ ಅಂತ ಬರೆದರೆ, ತಗೊಂಡವನಿಗೆ ಕೊಟ್ಟವನಿಗಿಂತ ಹೆಚ್ಚಿನ ಹಕ್ಕು ಬರುವುದಿಲ್ಲ. ‘ಅಕೌಂಟ್ ಪೇಯಿ’ ಅಂತ ಬರೆದರೆ ಹೆಸರಿದ್ದವರ ಖಾತೆಗೆ ಬಿಟ್ಟು ಬೇರೆ ಖಾತೆಗೆ ಬ್ಯಾಂಕು ಜಮಾ ಮಾಡುವಂತಿಲ್ಲ, ರಿಸರ್ವ್ ಬ್ಯಾಂಕ್ ಅದನ್ನು ನಿಷೇಧಿಸಿದೆ. ಈಗ ಹೆಚ್ಚಿನ ಚೆಕ್ಕುಗಳು ಹೀಗೇ ಇರುವುದರಿಂದ, ಚೆಕ್ಕಿನ ವಿಷಯದಲ್ಲಿ ನಿಜವಾದ ಹೋಲ್ಡರ್ ಇನ್ ಡ್ಯೂ ಕೋರ್ಸ್ ಸಿಗುವುದು ಕಮ್ಮಿ. ಪ್ರೊನೋಟಿಗೆ ಇಂಥ ಗೆರೆಯ ರಕ್ಷಣೆ ಇಲ್ಲ.

ತಿಪಟೂರು ಸುಮಾ

ವಕೀಲೆ ಮೇಡಂ, ನೋಡಿದೆ. ಪ್ರೊನೋಟಿನ ನಕಲು ಬಂದಿದೆ. ಮುಂಭಾಗದಲ್ಲಿ 1 ರೂಪಾಯಿ ಸ್ಟಾಂಪ್ ಇದೆ, ಮಾವನ ಸಹಿ ಅದರ ಮೇಲಿಂದ ಕಾಗದದವರೆಗೂ ಬಂದಿದೆ. ಹಿಂಭಾಗದಲ್ಲಿ ಮೊದಲಿನವರ ಸಹಿ, ಮೇಲೆ ‘ಇವರಿಗೆ ಅಥವಾ ಇವರ ಆರ್ಡರಿಗೆ ಪಾವತಿಸಿ’ ಅಂತ ಹೊಸಬರ ಹೆಸರು, ಆಗಸ್ಟ್ ತಿಂಗಳ ತಾರೀಖು. ನಾವು ಕೊಟ್ಟ 2 ಲಕ್ಷದ ಬಗ್ಗೆ ಒಂದಕ್ಷರ ಇಲ್ಲ.

ಚೆಕ್ಕಿನ ನೋಟಿಸಿನಲ್ಲಿರುವ ಸಾಲು: ‘ತಾವು ನಮ್ಮ ಕಕ್ಷಿದಾರರಿಂದ 3 ಲಕ್ಷ ರೂಪಾಯಿ ಕೈಸಾಲ ಪಡೆದು, ಅದರ ಮರುಪಾವತಿಗಾಗಿ ಸದರಿ ಚೆಕ್ಕನ್ನು ನೀಡಿರುತ್ತೀರಿ.’

ವಕೀಲೆ, ಹಾಸನ

ಸುಮಾ, ಆ ಸಾಲು ಬಹಳ ಮುಖ್ಯ. ಎರಡೂ ನೋಟಿಸನ್ನು ಅಕ್ಕಪಕ್ಕ ಇಟ್ಟು ಓದಿ. ಪ್ರೊನೋಟಿನ ನೋಟಿಸಿನ ಪ್ರಕಾರ ಮಾವ ಸಾಲ ತಗೊಂಡದ್ದು ಮೊದಲಿನವರಿಂದ, ಇವರು ನೋಟನ್ನು ಆಮೇಲೆ ಕೊಂಡವರು. ಚೆಕ್ಕಿನ ನೋಟಿಸಿನ ಪ್ರಕಾರ ಮಾವ ಇವರಿಂದಲೇ ಸಾಲ ತಗೊಂಡರು. ಒಂದೇ 3 ಲಕ್ಷಕ್ಕೆ ಎರಡು ಕಥೆ.

ಯಾಕೆ ಹೀಗಾಯಿತು ಅಂದರೆ, ಪ್ರೊನೋಟಿನಲ್ಲಿ ಮೊದಲಿನವರ ಹೆಸರು ಬರೆದಾಗಿತ್ತು. ಅದನ್ನು ದಾಟಿಸಬೇಕಾದರೆ ಹಿಂದೆ ಸಹಿ ಬೇಕೇ ಬೇಕು. ಯಾರಿಂದ ಯಾರಿಗೆ ಹೋಯಿತು ಅನ್ನುವ ಹೆಜ್ಜೆಗುರುತು ಕಾಗದದ ಮೇಲೇ ಉಳಿಯುತ್ತದೆ. ಖಾಲಿ ಚೆಕ್ಕಿನಲ್ಲಿ ಹೆಸರೇ ಇರಲಿಲ್ಲ. ಇವರು ನೇರವಾಗಿ ತಮ್ಮ ಹೆಸರು ಬರೆದುಕೊಂಡು ‘ಪೇಯಿ’ ಆಗಿಬಿಟ್ಟರು. ಮಧ್ಯದಲ್ಲಿದ್ದವರು ಚೆಕ್ಕಿನಿಂದ ಮಾಯವಾದರು. ಆಮೇಲೆ ‘ಪೇಯಿಗೆ ಸಾಲ ಎಲ್ಲಿಂದ ಬಂತು’ ಅನ್ನುವ ಪ್ರಶ್ನೆಗೆ ಉತ್ತರ ಬೇಕಲ್ವಾ, ಅದಕ್ಕೆ ಹೊಸ ಕೈಸಾಲದ ಕಥೆ.

ಹೋಲ್ಡರ್ ಇನ್ ಡ್ಯೂ ಕೋರ್ಸ್ ಅಂತ ಹೇಳಿಕೊಳ್ಳುವವರು ತಾವು ಅದನ್ನು ಯಾರಿಂದ, ಏನು ಕೊಟ್ಟು, ಯಾವಾಗ ಪಡೆದೆವು ಅನ್ನುವುದರಲ್ಲಿ ಗಟ್ಟಿಯಾಗಿರಬೇಕು. ಇಲ್ಲಿ ಅದೇ ಅಲುಗಾಡುತ್ತಿದೆ.

ಮೈಸೂರು ಕಾಮರ್ಸ್ ಮೇಷ್ಟ್ರು

ಒಂದು ತಿದ್ದುಪಡಿ. ಅದೇ 1881ರ ಕಾಯ್ದೆಯ ಸೆಕ್ಷನ್ 118ರ ಪ್ರಕಾರ ಕಾಗದ ಕೈಯಲ್ಲಿರುವವರನ್ನು ಹೋಲ್ಡರ್ ಇನ್ ಡ್ಯೂ ಕೋರ್ಸ್ ಅಂತಲೇ ಕೋರ್ಟ್ ಮೊದಲು ಊಹಿಸುತ್ತದೆ. ಆದ್ದರಿಂದ ಅವರು ಮೊದಲು ಸಾಬೀತು ಮಾಡಬೇಕು ಅನ್ನುವಂತೆ ಬರೆಯಬೇಡಿ ಮೇಡಂ.

ವಕೀಲೆ, ಹಾಸನ

ಸರಿ ಸರ್, ಊಹೆ ಅವರ ಕಡೆಗೇ ಇದೆ. ಮೋಸದಿಂದ ಅಥವಾ ಅಪರಾಧದಿಂದ ಕಾಗದ ಕೈಬಿಟ್ಟು ಹೋಗಿದ್ದರೆ ಹೊಣೆ ಅವರ ಮೇಲೆ ತಿರುಗುತ್ತದೆ. ಇಲ್ಲಿ ಮಾವನವರೇ ಕೈಯಾರೆ ಕೊಟ್ಟಿದ್ದಾರೆ. ಆದರೂ ಎದುರಿನವರ ಕಾಗದ ಮತ್ತು ಪಾಟೀಸವಾಲಿನಿಂದಲೇ ಆ ಊಹೆಯನ್ನು ಒಡೆಯಬಹುದು. ರಂಗಪ್ಪ ವಿರುದ್ಧ ಮೋಹನ್ ಅಂತ ನಮ್ಮ ಕರ್ನಾಟಕದಿಂದಲೇ ಹೋದ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಆರೋಪಿ ತನ್ನ ಮಾತು ಹೆಚ್ಚು ಸಂಭವನೀಯ ಅಂತ ತೋರಿಸಿದರೆ ಸಾಕು. ಸಂಶಯಕ್ಕೇ ಎಡೆಯಿಲ್ಲದಂತೆ ಸಾಬೀತು ಮಾಡಬೇಕಿಲ್ಲ.

ಗಾಂಧಿಬಜಾರ್

ಹೊಸಬರು ಮೊದಲಿನವರಿಗೆ 3 ಲಕ್ಷ ನಗದು ಕೊಟ್ಟೆ ಅಂದರೆ? ₹20,000ಕ್ಕಿಂತ ಜಾಸ್ತಿ ನಗದು ಸಾಲ ಇನ್‌ಕಮ್ ಟ್ಯಾಕ್ಸ್ ಕಾನೂನಿಗೆ ವಿರುದ್ಧ. ವ್ಯವಹಾರವೇ ರದ್ದಾಗಲ್ವಾ?

ನಿವೃತ್ತ ಬ್ಯಾಂಕರ್

ರದ್ದಾಗುವುದಿಲ್ಲ. ಅದಕ್ಕೆ ತೆರಿಗೆ ಇಲಾಖೆಯ ದಂಡ ಬೇರೆ ಇದೆ, ಸಾಲ ಸಾಲವೇ. ಆದರೆ ಅಷ್ಟು ನಗದು ಎಲ್ಲಿಂದ ಬಂತು, ಯಾವ ಖಾತೆಯಿಂದ ತೆಗೆದಿರಿ, ಲೆಕ್ಕಪತ್ರದಲ್ಲಿ ತೋರಿಸಿದ್ದೀರಾ ಅಂತ ಪಾಟೀಸವಾಲಿನಲ್ಲಿ ಕೇಳಬಹುದು. ದುಡ್ಡು ಕೊಟ್ಟೇ ಇಲ್ಲ ಅಂತ ಆದರೆ ಹೋಲ್ಡರ್ ಇನ್ ಡ್ಯೂ ಕೋರ್ಸ್ ಅನ್ನುವ ಪಟ್ಟವೇ ಉಳಿಯುವುದಿಲ್ಲ. ಸುಮ್ನೆ ವಸೂಲಿಗೆ ಅಂತ ಹೆಸರು ಹಾಕಿಸಿಕೊಂಡವರು ಅವರು ಅಂತಾಗುತ್ತದೆ.

ಕೋಲಾರ ರೇಷ್ಮೆ

ನನಗೆ ಒಂದು ಅರ್ಥ ಆಗಲಿಲ್ಲ. ಪ್ರೊನೋಟಿಗೂ ಚೆಕ್ ಬೌನ್ಸಿನ ಸೆಕ್ಷನ್ 138 ಹಾಕಬಹುದಾ? ನಮ್ಮೂರಲ್ಲಿ ಎಲ್ಲರೂ ಹೆದರಿಸೋದು ಹಾಗೇ.

ವಕೀಲೆ, ಹಾಸನ

ಇಲ್ಲ. 138 ಚೆಕ್ಕಿಗೆ ಮಾತ್ರ. 1989ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಪ್ರೊನೋಟು ಅಂದರೆ ‘ನಾನು ಕೊಡುತ್ತೇನೆ’ ಅಂತ ನಾನೇ ಬರೆದುಕೊಟ್ಟ ಮಾತು, ಇರುವುದು ಇಬ್ಬರು. ಚೆಕ್ಕು ನನ್ನ ಬ್ಯಾಂಕಿಗೆ ‘ಇವರಿಗೆ ಕೊಡಿ’ ಅಂತ ನಾನು ಕೊಟ್ಟ ಆಜ್ಞೆ, ಮಧ್ಯೆ ಬ್ಯಾಂಕು ಇದೆ. ಬ್ಯಾಂಕು ಹಣವಿಲ್ಲ ಅಂತ ಮೆಮೊ ಕೊಟ್ಟಾಗಲೇ 138ರ ಗಡಿಯಾರ ಓಡಲು ಶುರು. ಮೆಮೊ ಬಂದು 30 ದಿನದೊಳಗೆ ನೋಟಿಸು ಕಳಿಸಬೇಕು, ನೋಟಿಸು ತಲುಪಿ 15 ದಿನ ಕಾಯಬೇಕು, ಆಮೇಲೆ ಒಂದು ತಿಂಗಳಲ್ಲಿ ದೂರು. ಪ್ರೊನೋಟಿನಲ್ಲಿ ಬ್ಯಾಂಕೇ ಇಲ್ಲ, ಹಾಗಾಗಿ ಸಿವಿಲ್ ದಾವೆ ಮಾತ್ರ. ಕೇಳಿದಾಗ ಕೊಡುವ ನೋಟಾದರೆ ಬರೆದ ತಾರೀಖಿನಿಂದ 3 ವರ್ಷದೊಳಗೆ ಹಾಕಬೇಕು.

ಕೋಲಾರ ರೇಷ್ಮೆ

ಮತ್ತೆ ಎರಡನ್ನೂ ಯಾಕೆ ತಗೋತಾರೆ?

ನಿವೃತ್ತ ಬ್ಯಾಂಕರ್

ಚೆಕ್ಕಿನ ಆಯಸ್ಸು ಅದರ ಮೇಲಿನ ತಾರೀಖಿನಿಂದ 3 ತಿಂಗಳು, ಆದರೆ ಹೆದರಿಕೆ ಜಾಸ್ತಿ. ಪ್ರೊನೋಟಿನ ಆಯಸ್ಸು 3 ವರ್ಷ, ಬಡ್ಡಿಯ ದರ ಅದರಲ್ಲೇ ಬರೆದಿರುತ್ತದೆ. ತಾರೀಖು ಖಾಲಿ ಬಿಟ್ಟ ಚೆಕ್ಕು ಯಾಕೆ ಬೇಕು ಅಂತ ಈಗ ತಿಳಿಯಿತಲ್ಲ, ಆ 3 ತಿಂಗಳನ್ನು ಅವರಿಗೆ ಬೇಕಾದಾಗ ಶುರು ಮಾಡಬಹುದು.

ಇನ್ನೊಂದು ವ್ಯತ್ಯಾಸ ಸ್ಟಾಂಪಿನದು. ಚೆಕ್ಕಿಗೆ ಸ್ಟಾಂಪ್ ಬೇಡ. ಕೇಳಿದಾಗ ಕೊಡುವ ಪ್ರೊನೋಟಿಗೆ ಸಾವಿರಕ್ಕಿಂತ ಮೇಲಿನ ಮೊತ್ತಕ್ಕೆ ಸುಂಕ 25 ಪೈಸೆ, ಜನ 1 ರೂಪಾಯಿಯದ್ದು ಅಂಟಿಸುತ್ತಾರೆ. ಸ್ಟಾಂಪ್ ಇಲ್ಲದಿದ್ದರೆ, ಅಥವಾ ಅಂಟಿಸಿಯೂ ಸಹಿ ಹಾಯಿಸಿ ರದ್ದು ಮಾಡದಿದ್ದರೆ, ಆ ನೋಟನ್ನು ದಂಡ ಕಟ್ಟಿಯೂ ಸಾಕ್ಷ್ಯವಾಗಿ ಹಾಜರು ಮಾಡಲು ಆಗುವುದಿಲ್ಲ. ಲಕ್ಷಗಟ್ಟಲೆಯ ದಾವೆಗಳು ಇಷ್ಟಕ್ಕೇ ಬಿದ್ದಿವೆ. ಸುಮಾ ಅವರ ಮಾವ ಸ್ಟಾಂಪಿನ ಮೇಲೇ ಸಹಿ ಮಾಡಿದ್ದಾರೆ, ಆದ್ದರಿಂದ ಆ ದಾರಿ ಇಲ್ಲಿ ಇಲ್ಲ.

ತಿಪಟೂರು ಸುಮಾ

ಸರ್, ನಮ್ಮ 2 ಲಕ್ಷ ಹಾಗಾದರೆ ಹೋದ ಹಾಗೇನಾ? ಅದನ್ನು ಯಾರೂ ಲೆಕ್ಕಕ್ಕೆ ತಗೊಳ್ಳೋದಿಲ್ವಾ?

ವಕೀಲೆ, ಹಾಸನ

ಚೆಕ್ಕು, ನೋಟು ಎರಡಕ್ಕೂ ಉತ್ತರ ಬೇರೆ ಬೇರೆ.

ಮೊದಲು ಚೆಕ್ಕು. 2022ರ ಅಕ್ಟೋಬರ್‌ನಲ್ಲಿ ದಶರಥಭಾಯಿ ಪಟೇಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥದ್ದನ್ನೇ ನೋಡಿತು. ಅಲ್ಲಿ 20 ಲಕ್ಷದ ಚೆಕ್ಕು, ಅದನ್ನು ಹಾಕುವ ಮೊದಲೇ 4 ಲಕ್ಷಕ್ಕಿಂತ ಸ್ವಲ್ಪ ಹೆಚ್ಚು ಹಣ ವಾಪಸ್ ಬಂದಿತ್ತು. ಆದರೂ ಪೂರ್ತಿ 20 ಲಕ್ಷಕ್ಕೆ ಹಾಕಿದರು. ಚೆಕ್ಕು ಹಾಕಿದ ದಿನ ಅಷ್ಟು ಸಾಲವೇ ಬಾಕಿ ಇರಲಿಲ್ಲ, ಆದ್ದರಿಂದ 138ರ ಅಪರಾಧ ಆಗುವುದಿಲ್ಲ ಅಂತ ಕೋರ್ಟ್ ಹೇಳಿತು. ಭಾಗಶಃ ಹಣ ಬಂದಿದ್ದರೆ ಸೆಕ್ಷನ್ 56ರ ಪ್ರಕಾರ ಅದನ್ನು ಚೆಕ್ಕಿನ ಮೇಲೆ ನಮೂದಿಸಿ, ಉಳಿದದ್ದಕ್ಕೆ ಮಾತ್ರ ಹಾಕಬೇಕಿತ್ತು. ನಿಮ್ಮಲ್ಲಿ ಬಾಕಿ ಇದ್ದದ್ದು 1 ಲಕ್ಷ, ಹಾಕಿದ್ದು 3 ಲಕ್ಷ. ಬ್ಯಾಂಕಿನ ವರ್ಗಾವಣೆ ದಾಖಲೆಯೇ ನಿಮ್ಮ ಮುಖ್ಯ ಸಾಕ್ಷಿ.

ಒಂದು ಮಿತಿ ಹೇಳಲೇಬೇಕು. ಆ ಪ್ರಕರಣದಲ್ಲಿ ಇದ್ದದ್ದು ಸಾಲ ಕೊಟ್ಟವರು ಮತ್ತು ತಗೊಂಡವರು ಮಾತ್ರ. ಮೂರನೆಯವರು ‘ನನಗೇನೂ ಗೊತ್ತಿರಲಿಲ್ಲ’ ಅಂತ ವಾದ ಮಾಡಿಯೇ ಮಾಡುತ್ತಾರೆ. ಆದರೆ ಇವರೇ ‘ನೇರ ಕೈಸಾಲ’ ಅಂತ ಬರೆದಿರುವುದರಿಂದ, ಬೇರೆಯವರಿಂದ ನಂಬಿ ಪಡೆದೆ ಅನ್ನುವ ಆಸರೆಗೆ ಓಡುವುದು ಅವರಿಗೆ ಕಷ್ಟ.

ಮೈಸೂರು ಕಾಮರ್ಸ್ ಮೇಷ್ಟ್ರು

ಪ್ರೊನೋಟಿನ ವಿಷಯ ನಾನು ಹೇಳುತ್ತೇನೆ, ಅಲ್ಲೇ ನಿಜವಾದ ಅಪಾಯ. 3 ಲಕ್ಷದ ನೋಟು ಹೊರಗಿನವರ ಕಣ್ಣಿಗೆ ಇವತ್ತಿಗೂ 3 ಲಕ್ಷದ ನೋಟೇ. 2 ಲಕ್ಷ ಸಂದಿದ್ದನ್ನು ಅದರ ಹಿಂದೆ ಬರೆಸಿಲ್ಲ. ನೋಟು ಕೊಂಡವರು ನಿಜವಾಗಿ ಹಣ ಕೊಟ್ಟು, ಸಂದಾಯದ ಸುಳಿವೇ ಇಲ್ಲದೆ ಕೊಂಡಿದ್ದರೆ, ಮಾವ ಮತ್ತು ಮೊದಲಿನವರ ನಡುವಿನ ಲೆಕ್ಕವನ್ನು ಅವರ ಮೇಲೆ ಹೇರುವುದು ಕಷ್ಟ. ಮಾವ ಅವರಿಗೆ ಪೂರ್ತಿ ಕೊಟ್ಟು, 2 ಲಕ್ಷವನ್ನು ಮೊದಲಿನವರಿಂದ ವಸೂಲಿ ಮಾಡಿಕೊಳ್ಳಬೇಕಾಗಬಹುದು.

ಆದರೆ ಒಂದು ಪ್ರಶ್ನೆ ಇದೆ. ಸೆಕ್ಷನ್ 9ರ ಪ್ರಕಾರ ಹಣ ಸಲ್ಲಬೇಕಾದ ಸಮಯಕ್ಕೆ ಮೊದಲೇ ಕಾಗದ ಪಡೆದಿರಬೇಕು. ಕೇಳಿದಾಗ ಕೊಡುವ ನೋಟಿನಲ್ಲಿ ಆ ಸಮಯ ಯಾವುದು? ಬರೆದ ದಿನದಿಂದಲೇ ಸಲ್ಲುತ್ತದೆ ಅಂತ ಹಿಡಿದರೆ ಅಂಥ ನೋಟಿಗೆ ಹೋಲ್ಡರ್ ಇನ್ ಡ್ಯೂ ಕೋರ್ಸ್ ಅನ್ನುವವರೇ ಇರಲು ಸಾಧ್ಯವಿಲ್ಲ. ಹಾಗಾಗಬಾರದು ಅನ್ನುವುದು ನನ್ನ ಅಭಿಪ್ರಾಯ.

ವಕೀಲೆ, ಹಾಸನ

ನನ್ನ ವಾದ ಬೇರೆ ಸರ್. 2023ರ ಜೂನ್‌ನ ನೋಟನ್ನು 2024ರ ಆಗಸ್ಟ್‌ನಲ್ಲಿ ಕೊಂಡಿದ್ದಾರೆ, 14 ತಿಂಗಳು ಹಳೆಯದು. ಅಷ್ಟು ದಿನ ಯಾರೂ ಹಣ ಕೇಳದೆ ಕೂತಿದ್ದರಾ, ಬಡ್ಡಿ ಬರುತ್ತಿತ್ತಾ, ಅಸಲು ಏನಾದರೂ ಬಂದಿದೆಯಾ ಅಂತ ಯಾರಾದರೂ ಒಂದು ಮಾತು ಕೇಳುತ್ತಾರೆ. ಮಾವನಿಗೆ ಒಂದು ಫೋನ್ ಮಾಡಿದ್ದರೆ ಗೊತ್ತಾಗುತ್ತಿತ್ತು. ನಮ್ಮ ಕಾಯ್ದೆ ಕೇಳುವುದು ಬರೀ ಪ್ರಾಮಾಣಿಕತೆಯನ್ನಲ್ಲ, ಅನುಮಾನಕ್ಕೆ ಸಾಕಷ್ಟು ಕಾರಣ ಇತ್ತಾ ಅನ್ನುವುದನ್ನು.

ಮೈಸೂರು ಕಾಮರ್ಸ್ ಮೇಷ್ಟ್ರು

ಆ ವ್ಯತ್ಯಾಸ ನಿಜ. ಇಂಗ್ಲೆಂಡಿನ 1882ರ ಕಾಯ್ದೆಯಲ್ಲಿ ಪ್ರಾಮಾಣಿಕವಾಗಿದ್ದರೆ ಸಾಕು, ಅಜಾಗರೂಕತೆ ಇದ್ದರೂ ನಡೆಯುತ್ತದೆ. ನಮ್ಮಲ್ಲಿ ಅಜಾಗರೂಕತೆಯನ್ನೂ ನೋಡುತ್ತಾರೆ. ಪೊನ್ನಪ್ಪ ಮೂತ್ತನ್ ವಿರುದ್ಧ ಕ್ಯಾಥೊಲಿಕ್ ಸಿರಿಯನ್ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಚರ್ಚಿಸಿದೆ. ಆದರೆ ಅಲ್ಲಿ ಕೊನೆಗೆ ಗೆದ್ದದ್ದು ಬ್ಯಾಂಕೇ. ಸಣ್ಣಪುಟ್ಟ ಅಜಾಗರೂಕತೆ ಸಾಲದು. ನೋಟು ಹಳೆಯದು ಅನ್ನುವುದೊಂದೇ ಸಾಕಾಗುತ್ತದೆ ಅಂತ ನಾನು ಒಪ್ಪುವುದಿಲ್ಲ.

ವಕೀಲೆ, ಹಾಸನ

ಅದೊಂದೇ ಅಂತ ನಾನೂ ಹೇಳಿಲ್ಲ. ಅದರ ಜೊತೆ ಎರಡು ಕಥೆ ಇದೆ, ಕೊಟ್ಟ ಹಣದ ದಾಖಲೆ ಇನ್ನೂ ತೋರಿಸಿಲ್ಲ. ಇವೆಲ್ಲ ಸೇರಿದಾಗ ನೋಡೋಣ. ಸುಮಾ, ಇನ್ನೊಂದು ವಿಚಾರಿಸಿ. ಈ ಹೊಸಬರಿಗೂ ಮೊದಲಿನವರಿಗೂ ನಂಟು, ವ್ಯಾಪಾರದ ಪಾಲು ಏನಾದರೂ ಇದೆಯಾ?

ಹುಬ್ಬಳ್ಳಿ ಸ್ಪೇರ್ಸ್

ಅಕ್ಕಾರ, ಉಳಿದ ಒಂದು ಲಕ್ಷ ಆ ಮೊದಲಿನವ್ರಿಗೆ ಕೊಟ್ಟು ನೋಟು ಹರಿಸಿಬಿಡ್ರಿ. ಮುಗದು ಹೋಗ್ತದ.

ನಿವೃತ್ತ ಬ್ಯಾಂಕರ್

ದಯವಿಟ್ಟು ಹಾಗೆ ಮಾಡಬೇಡಿ! ನೋಟು ಅವರ ಕೈಯಲ್ಲಿಲ್ಲ, ಹರಿಯುವುದು ಎಲ್ಲಿಂದ? ನೋಟು ಬೇರೆಯವರಿಗೆ ಹೋಗಿದೆ ಅಂತ ನೋಟಿಸು ಬಂದ ಮೇಲೆ ಹಳಬರಿಗೆ ಕೊಟ್ಟ ಹಣ ನಿಮ್ಮನ್ನು ಸಾಲದಿಂದ ಬಿಡಿಸುವುದಿಲ್ಲ. ಹಣ ಸಲ್ಲಬೇಕಾದದ್ದು ನೋಟಿನ ಧಾರಕರಿಗೆ. ಇನ್ನು ಮುಂದೆ ಯಾರಿಗೆ ಒಂದು ರೂಪಾಯಿ ಕೊಟ್ಟರೂ ಮೂಲ ನೋಟು ನಿಮ್ಮ ಎದುರಿಗೇ ಇರಬೇಕು. ಪೂರ್ತಿ ಕೊಟ್ಟರೆ ಅದನ್ನು ವಾಪಸ್ ತಗೊಳ್ಳಿ, ಕೇಳುವ ಹಕ್ಕು ನಿಮಗೆ ಕಾಯ್ದೆಯಲ್ಲೇ ಇದೆ. ಸ್ವಲ್ಪ ಕೊಟ್ಟರೆ ಹಿಂದೆ ತಾರೀಖು, ಮೊತ್ತ ಬರೆಸಿ ಸಹಿ ಹಾಕಿಸಿ.

ತಿಪಟೂರು ಸುಮಾ

ಮೊದಲೇ ಬರೆಯಬೇಕಿತ್ತು, ಕೆಲಸದ ಗಡಿಬಿಡಿ. ಇಲ್ಲಿಯ ವಕೀಲರ ಮೂಲಕ ಎರಡು ನೋಟಿಸಿಗೂ 15 ದಿನದೊಳಗೆ ಉತ್ತರ ಕಳಿಸಿದೆವು. ಚೆಕ್ಕಿನ ಉತ್ತರದಲ್ಲಿ, ನಿಮ್ಮಿಂದ ಸಾಲವನ್ನೇ ಪಡೆದಿಲ್ಲ, ಮೂಲ ಸಾಲದ 2 ಲಕ್ಷ ಮಾರ್ಚ್‌ನಲ್ಲೇ ಸಂದಿದೆ ಅಂತ ಬ್ಯಾಂಕಿನ ವಿವರ ಲಗತ್ತಿಸಿದ್ದೇವೆ. ಪ್ರೊನೋಟಿನ ಉತ್ತರದಲ್ಲಿ, ಹಿಂಬರಹಕ್ಕೆ ಎಷ್ಟು ಹಣ, ಹೇಗೆ ಕೊಟ್ಟಿರಿ ಅಂತ ಕೇಳಿದ್ದೇವೆ. ಬಾಕಿ 1 ಲಕ್ಷ ಮತ್ತು ಅದರ ಬಡ್ಡಿಯನ್ನು ಮೂಲ ನೋಟು, ಚೆಕ್ಕು ಎರಡನ್ನೂ ಒಪ್ಪಿಸುವವರಿಗೆ ಕೊಡಲು ಸಿದ್ಧ ಅಂತಲೂ ಬರೆಸಿದೆವು. ಇವರಿಬ್ಬರಿಗೂ ಅರಸೀಕೆರೆಯಲ್ಲಿ ಜಂಟಿ ಗೋದಾಮು ಇದೆ ಅಂತ ಮಂಡಿಯಲ್ಲಿ ಒಬ್ಬರು ಹೇಳಿದ್ದಾರೆ. ಕಾಗದ ಇನ್ನೂ ಸಿಕ್ಕಿಲ್ಲ.

ವಕೀಲೆ, ಹಾಸನ

ಒಳ್ಳೆಯ ಉತ್ತರ. ಗೋದಾಮಿನ ಬಾಡಿಗೆ ಕರಾರು, ಜಿಎಸ್‌ಟಿ ನೋಂದಣಿ, ಎಪಿಎಂಸಿ ಲೈಸೆನ್ಸ್ ಇವುಗಳಲ್ಲಿ ಇಬ್ಬರ ಹೆಸರೂ ಇದೆಯಾ ನೋಡಿಸಿ. ಪಾಲುದಾರರಾಗಿದ್ದರೆ ಮಾರ್ಚ್‌ನ 2 ಲಕ್ಷದ ವಿಷಯ ಗೊತ್ತೇ ಇರಲಿಲ್ಲ ಅನ್ನುವುದನ್ನು ನಂಬಿಸುವುದು ಅವರಿಗೆ ಸುಲಭವಲ್ಲ.

ಗಾಂಧಿಬಜಾರ್

ಮೇಷ್ಟ್ರೇ, ಹಾಗಿದ್ದರೂ ನಿಮ್ಮ ಪ್ರಕಾರ ನೋಟಿನ ಕೇಸು ಅವರ ಕಡೆಗೇ ವಾಲುತ್ತದಾ?

ಮೈಸೂರು ಕಾಮರ್ಸ್ ಮೇಷ್ಟ್ರು

ಪಾಲುದಾರಿಕೆ ಸಾಬೀತಾದರೆ ಇಲ್ಲ. ಆಗ ಅವರು ಬರೀ ಹೋಲ್ಡರ್, 2 ಲಕ್ಷ ಕಳೆದೇ ಲೆಕ್ಕ. ಸಾಬೀತಾಗದಿದ್ದರೆ ನನ್ನ ಮಾತು ಮೊದಲಿನದ್ದೇ.